ಎರಡು ಕಟ್ಟು ಇಸ್ಪೀಟೆಲೆ: ಒಂದೂ ಜೋಡಿಯಾಗದಿರುವ ಸಂಭವನೀಯತೆ

ಪ್ರಶ್ನೆ: ಎರಡು ಕಟ್ಟು ಕಲಸಿ, ಒಂದೊಂದರಿಂದ ಒಂದೊಂದೇ ಎಲೆ ಜೊತೆಜೊತೆಗೆ ತೆಗೀತಾ ಹೋದರೆ ಕೊನೇತನಕ ಒಂದೂ ಹೊಂದದಿರುವ ಸಾಧ್ಯತೆ ಎಷ್ಟು? ನಾನು (51/52)^52 ಹಾಕಿದೆ, 0.364 ಬಂತು. ಕಂಪ್ಯೂಟರಿನಲ್ಲಿ ಸಾವಿರ ಸಲ ಓಡಿಸಿದರೂ ಹತ್ತಿರವೇ ಇತ್ತು. ಸರಿ ತಾನೆ? ಎಲೆ ಕಡಿಮೆ ಮಾಡಿದರೆ ಎಷ್ಟು ಏರುತ್ತೆ?

ಸರಿಯಲ್ಲ. ಉತ್ತರ 0.3679. ಹತ್ತಿರ ಬಂದಿದ್ದೇ ನಿಮಗೆ ಕೈಕೊಟ್ಟಿದೆ.

ಘಾತ ಹಾಕಿದ ಕೂಡಲೇ ಒಂದು ಸ್ಥಾನದಲ್ಲಿ ಆಗಿದ್ದಕ್ಕೂ ಇನ್ನೊಂದರಲ್ಲಿ ಆಗುವುದಕ್ಕೂ ಸಂಬಂಧವಿಲ್ಲ ಎಂದು ಒಪ್ಪಿಕೊಂಡಂತಾಯಿತು. ಇಲ್ಲಿ ಸಂಬಂಧವಿದೆ. ಮೊದಲ ಜೋಡಿ ಹೊಂದಿಬಿಟ್ಟರೆ ಉಳಿಯುವುದು 51 ಎಲೆ, ಆಗ ಎರಡನೆಯದು ಹೊಂದುವ ಸಾಧ್ಯತೆ 1/52 ಅಲ್ಲ, 1/51. ಎರಡೇ ಎಲೆ ಇಟ್ಟು ನೋಡಿ: ಒಂದು ಹೊಂದಿದರೆ ಇನ್ನೊಂದೂ ಹೊಂದಲೇಬೇಕು, ಇಲ್ಲವಾದರೆ ಎರಡೂ ಇಲ್ಲ. ನಿಜವಾದ ಉತ್ತರ ಅರ್ಧ, ನಿಮ್ಮ ಸೂತ್ರ ಕೊಡುವುದು ಕಾಲು. ಹೊಂದಿಕೆಗಳು ಗುಂಪುಗುಂಪಾಗಿ ಬರುವುದರಿಂದ ಒಂದೂ ಇಲ್ಲದ ಆಟಗಳಿಗೆ ತುಸು ಹೆಚ್ಚು ಪಾಲು ಸಿಗುತ್ತದೆ.

ಸಾವಿರ ಸಲ ಓಡಿಸಿದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಅಷ್ಟಕ್ಕೆ ಉತ್ತರ ಸಹಜವಾಗಿಯೇ 0.015ರಷ್ಟು ಆಚೀಚೆ ಓಲಾಡುತ್ತದೆ, ನೀವು ಹುಡುಕುತ್ತಿರುವ ಅಂತರ ಬರೀ 0.0036. ಹತ್ತು ಲಕ್ಷ ಸಲ ಓಡಿಸಿ, ಇಲ್ಲವೇ ನಾಲ್ಕೇ ಎಲೆಯಲ್ಲಿ ಪರೀಕ್ಷಿಸಿ. ನನ್ನನ್ನು ಕೇಳಿದರೆ ಎರಡನೆಯದೇ ವಾಸಿ, ಕೈಯಲ್ಲೇ ಎಣಿಸಬಹುದು.

ಒಂದು ಕಟ್ಟಿನ ಕ್ರಮವನ್ನು 1, 2, 3, 4 ಎಂದು ಕರೆಯಿರಿ (ಎರಡನ್ನೂ ಕಲಸಿದರೂ ಒಂದನ್ನೇ ಕಲಸಿದರೂ ಲೆಕ್ಕ ಅದೇ). ಇನ್ನೊಂದರ ಒಟ್ಟು ಜೋಡಣೆ 24. ಯಾವುದೋ ಒಂದು ಎಲೆಯನ್ನು ಅದರ ಜಾಗದಲ್ಲಿ ಕೂರಿಸಿದರೆ ಉಳಿದವು 6 ರೀತಿ, ನಾಲ್ಕು ಎಲೆಗೆ 24, ಕಳೆಯಿರಿ. ಆದರೆ ಎರಡು ಹೊಂದಿದ ಜೋಡಣೆಗಳನ್ನು ಎರಡು ಸಲ ಕಳೆದಿದ್ದೀರಿ. ಆರು ಜೋಡಿಗೆ ಎರಡೆರಡರಂತೆ 12 ವಾಪಸ್ ಕೂಡಿಸಿ. ಮೂರು ಹೊಂದಿದ್ದಕ್ಕೆ 4 ಕಳೆದು, ನಾಲ್ಕೂ ಹೊಂದಿದ್ದಕ್ಕೆ 1 ಕೂಡಿಸಿ. ಉಳಿದದ್ದು 9. ಅಂದರೆ 9/24 = 0.375. ನಿಮ್ಮ (3/4)^4 ಕೊಡುವುದು 0.316.

24ರಿಂದ ಭಾಗಿಸಿ ನೋಡಿದರೆ ಸರಣಿ ಕಾಣುತ್ತದೆ:

1 − 1 + 1/2! − 1/3! + 1/4!

52 ಎಲೆಗೆ ಇದನ್ನೇ 1/52! ತನಕ ಮುಂದುವರಿಸಬೇಕು. ಪದಗಳು ಬೇಗನೆ ಸಣ್ಣದಾಗುವುದರಿಂದ ಮೊತ್ತ 1/e, ಅಂದರೆ 0.367879ರಲ್ಲಿ ನಿಂತುಬಿಡುತ್ತದೆ. ಹಾಗಾಗಿ ‘ಕಡಿಮೆ ಮಾಡಿದರೆ ಎಷ್ಟು ಏರುತ್ತೆ’ ಎನ್ನುವ ಪ್ರಶ್ನೆಗೇ ಅರ್ಥವಿಲ್ಲ. 10 ಎಲೆಗೂ ಮೊದಲ ಆರು ದಶಮಾಂಶ ಇವೇ. ಐದು ಎಲೆಗಂತೂ 44/120, ಅಂದರೆ 0.3667; ಏರುವ ಬದಲು ಇಳಿಯಿತು. ಫ್ರೆಂಚ್ ಗಣಿತಜ್ಞ ಮೊನ್ಮಾರ್ 1708ರಲ್ಲಿ ಇದೇ ಲೆಕ್ಕವನ್ನು 13 ಎಲೆಗಳ ಆಟದ ಮೇಲೆ ಎತ್ತಿಕೊಂಡಿದ್ದ. 13 ಇರಲಿ 52 ಇರಲಿ, ಹತ್ತು ದಶಮಾಂಶದವರೆಗೆ ಫಲ ಒಂದೇ.

ಉತ್ತರ ನಿಜವಾಗಿ ಬದಲಾಗುವುದು ನೀವು ಯಾವುದನ್ನು ‘ಹೊಂದಿತು’ ಅನ್ನುತ್ತೀರಿ ಎಂಬುದರ ಮೇಲೆ. ಮೇಲಿನದೆಲ್ಲ ಇಸ್ಪೀಟ್ ರಾಣಿಗೆ ಇಸ್ಪೀಟ್ ರಾಣಿಯೇ ಬರಬೇಕೆಂಬ ಲೆಕ್ಕ. ಯಾವ ರಾಣಿಗೆ ಯಾವ ರಾಣಿ ಬಂದರೂ ಸಾಕು ಎಂದು ಆಡುವುದಾದರೆ ಸರಾಸರಿ ನಾಲ್ಕು ಹೊಂದಿಕೆ ಸಿಗುತ್ತವೆ, ಒಂದೂ ಇಲ್ಲದೆ ಮುಗಿಯುವ ಸಂಭವನೀಯತೆ ಸುಮಾರು 0.016ಕ್ಕೆ ಕುಸಿಯುತ್ತದೆ.