ಮುಸುರೆಗೆ ಜನ ಇಡುವುದೋ ಬೇಡವೋ?

ಪ್ರಶ್ನೆ: ತುಮಕೂರಿನಿಂದ ಯಶವಂತಪುರಕ್ಕೆ ದಿನಾ ರೈಲಿನಲ್ಲಿ ಓಡಾಡುತ್ತೇನೆ. ಕೈಗೆ ಬರುವ ಸಂಬಳ 48,000ದಿಂದ 56,000ಕ್ಕೆ ಏರಿದೆ. ಮುಸುರೆ ತಿಕ್ಕಿ ನೆಲ ಒರೆಸಲು ಒಬ್ಬರು ತಿಂಗಳಿಗೆ 2,000 ಕೇಳುತ್ತಾರೆ, ರಾತ್ರಿ ಅಡುಗೆಗೆ ಇನ್ನೊಬ್ಬರು 6,500. ಇಸ್ತ್ರಿ ಅಂಗಡಿಯಲ್ಲಿ ಅಂಗಿಗೆ 10 ರೂಪಾಯಿ. ಯಾವುದನ್ನು ಕೊಡಲಿ? ಅತ್ತೆಗೆ ಎಲ್ಲವೂ ದಂಡ. ನನಗೋ ಮುಸುರೆ ಕಂಡರಾಗದು.
— ಓದುಗರೊಬ್ಬರು, ತುಮಕೂರು

ಉತ್ತರ: ಮೊದಲು ನಿಮ್ಮ ಒಂದು ಗಂಟೆಯ ಬೆಲೆ ಕಟ್ಟೋಣ. ರೈಲ್ವೆ ಪಾಸು, ಆಟೊ, ಮಧ್ಯಾಹ್ನದ ಊಟಕ್ಕೆ 4,000 ಹಿಡಿದರೆ ಉಳಿಯುವುದು 52,000. ತಿಂಗಳಿಗೆ 24 ದಿನ, ದಿನಕ್ಕೆ 8 ಗಂಟೆ ಕೆಲಸ ಎಂದು ಭಾಗಿಸಿದರೆ 270 ರೂಪಾಯಿ ಬರುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಮನೆ ಬಾಗಿಲಿಂದ ಬಾಗಿಲಿಗೆ ಓಡಾಟದ 4 ಗಂಟೆಯನ್ನೂ ಸೇರಿಸಿದರೆ ಒಟ್ಟು 288 ಗಂಟೆ. ಗಂಟೆಗೆ 180 ರೂಪಾಯಿ ಅಷ್ಟೆ.

ಆ 180 ಕೂಡ ಪೂರ್ತಿ ಲೆಕ್ಕಕ್ಕೆ ಬಾರದು. ಮನೆಯಲ್ಲಿ ಒಂದು ಗಂಟೆ ಉಳಿಸಿದಿರೆಂದು ಕಂಪನಿಯವರು ಹೆಚ್ಚು ಕೊಡುವುದಿಲ್ಲವಲ್ಲ. ಸಂಜೆ ಟ್ಯೂಷನ್ ಹೇಳಿಯೋ ಓಟಿ ಮಾಡಿಯೋ ಆ ಗಂಟೆಯನ್ನು ದುಡ್ಡಾಗಿಸುವವರ ಮಾತು ಬೇರೆ. ಉಳಿದವರಿಗೆ ನಾನು ಅರ್ಧ ಹಿಡಿಯುತ್ತೇನೆ. ಗಂಟೆಗೆ 90ಕ್ಕಿಂತ ಕಮ್ಮಿ ಬಿದ್ದರೆ ಕಣ್ಣುಮುಚ್ಚಿ ಕೊಡಿ, 180 ದಾಟಿದರೆ ಬೇಡ, ನಡುವೆ ಬಿದ್ದರೆ ಆ ಕೆಲಸ ನಿಮಗೆ ಎಷ್ಟು ಬೇಸರ ಎಂಬುದೇ ತೀರ್ಮಾನ.

ಮುಸುರೆ ಮತ್ತು ನೆಲಕ್ಕೆ ದಿನಕ್ಕೆ 50 ನಿಮಿಷ ಹಿಡಿಯುತ್ತದೆ ಎನ್ನಿ. ಕೆಲಸದವರು ಬಂದರೂ ಎಂಜಲು ತೆಗೆದಿಡುವುದು, ತೊಳೆದ ಪಾತ್ರೆ ಜೋಡಿಸುವುದು ನಿಮಗೇ ಉಳಿಯುತ್ತದೆ. ಅದಕ್ಕೆ 10 ನಿಮಿಷ ಕಳೆಯಿರಿ. ತಿಂಗಳಿಗೆ ಮೂರು ದಿನ ರಜೆ ಹೋದರೆ 27 ದಿನ, ಅಂದರೆ 18 ಗಂಟೆ ಉಳಿತಾಯ. ಗಂಟೆಗೆ ಸುಮಾರು 111 ಬಿತ್ತು. ನಡುವಿನ ಲೆಕ್ಕ, ಮುಸುರೆ ಕಂಡರಾಗದ ನೀವು ಧಾರಾಳವಾಗಿ ಕೊಡಬಹುದು. ಹಬ್ಬಕ್ಕೆ ಕೊಡುವ ಹೆಚ್ಚಿನ ಹಣವನ್ನೂ ವರ್ಷದ ಲೆಕ್ಕಕ್ಕೆ ಸೇರಿಸಿಕೊಳ್ಳಿ. ನೀವು ರೈಲು ಹತ್ತಿದ ಮೇಲೆ ಅವರು ಬರುವುದಾದರೆ ಬಾಗಿಲು ತೆಗೆದು ಕಾಯುವವರು ಅತ್ತೆ. ಅದು ಅವರ ಸಮಯ, ಹಾಗಾಗಿ ಬರುವ ಹೊತ್ತನ್ನು ಅವರೇ ಗೊತ್ತುಮಾಡಲಿ.

ಅಡುಗೆ ಬೇಡ. ತರಕಾರಿ ತರುವುದು, ಏನು ಮಾಡಬೇಕೆಂದು ಹೇಳುವುದು ತಪ್ಪುವುದಿಲ್ಲ. ನಿಜವಾಗಿ ಉಳಿಯುವುದು ದಿನಕ್ಕೆ ಮುಕ್ಕಾಲು ಗಂಟೆ. 26 ದಿನಕ್ಕೆ 19 ಗಂಟೆ ಚಿಲ್ಲರೆ, ಗಂಟೆಗೆ 330 ದಾಟುತ್ತದೆ.

ಅಂಗಿಯೊಂದಕ್ಕೆ 6 ನಿಮಿಷ ಬೇಕಾದರೆ ಇಸ್ತ್ರಿ ಗಂಟೆಗೆ 100 ಆಯಿತು. ಅಂಗಡಿ ಸ್ಟೇಷನ್ ದಾರಿಯಲ್ಲಿದ್ದರೆ ಮಾತ್ರ ಕೊಡಿ. ಆರು ಅಂಗಿಗೆಂದು ಬೇರೆಯಾಗಿ 15 ನಿಮಿಷ ಹೋಗಿಬಂದರೆ ಉಳಿಸಿದ 36 ನಿಮಿಷದಲ್ಲಿ ಅರ್ಧಕ್ಕೆ ಹತ್ತಿರ ಅಲ್ಲೇ ಹೋಯಿತು.

ಬಟ್ಟೆ ಒಗೆಯುವುದನ್ನು ನೀವು ಕೇಳಿಲ್ಲ, ಒಳ್ಳೆಯದೇ. ಮೆಷಿನ್ ಒಂದು ಗಂಟೆ ತಿರುಗಿದರೂ ನಿಮ್ಮ ಕೈ ಓಡುವುದು ಒಣಹಾಕುವ 15 ನಿಮಿಷ ಮಾತ್ರ. ದೋಸೆಹಿಟ್ಟಿನ ಗ್ರೈಂಡರಿಗೂ ಇದೇ ಲೆಕ್ಕ.

ಇಲ್ಲಿರುವ ನಿಮಿಷಗಳು ನನ್ನ ಅಂದಾಜು. ಒಂದು ವಾರ ಗಡಿಯಾರ ನೋಡಿ ನಿಮ್ಮವನ್ನು ಬರೆದಿಡಿ, ಮುಸುರೆಗೆ ಒಂದು ತಿಂಗಳ ಮಟ್ಟಿಗೆ ಮಾತಾಡಿಕೊಳ್ಳಿ. ಆ ಚೀಟಿಯನ್ನು ಅತ್ತೆಗೂ ತೋರಿಸಿ.