ಕಾರ್ಡ್ ಇಲ್ಲದವರು ಹೆಚ್ಚುವರಿ ಸ್ಟೋರೇಜ್‌ಗೆ ಹಣ ಕಟ್ಟುವುದು ಹೇಗೆ? ತಿಂಗಳಿಗೋ ವರ್ಷಕ್ಕೋ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಸರ್ಕಾರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಜಿಮೇಲ್‌ನ 15 ಜಿಬಿ ತುಂಬಿಹೋಗಿದೆ. ಕಳೆದ ವರ್ಷ ಒಂದರಲ್ಲೇ ಸುಮಾರು 6 ಜಿಬಿ ಸೇರಿದೆ. ಗೂಗಲ್ ಒನ್‌ನಲ್ಲಿ 100 ಜಿಬಿಗೆ ತಿಂಗಳಿಗೆ 130 ರೂಪಾಯಿ, ವರ್ಷಕ್ಕೆ 1300 ರೂಪಾಯಿ ಎಂದು ತೋರಿಸುತ್ತಿದೆ. ಗೌರವಧನ ಮೂರು ನಾಲ್ಕು ತಿಂಗಳಿಗೊಮ್ಮೆ ಒಟ್ಟಿಗೆ ಬರುತ್ತದೆ. ಅದು ಬರುವ ರಾಷ್ಟ್ರೀಕೃತ ಬ್ಯಾಂಕಿನ ಖಾತೆಗೆ ಎಟಿಎಂ ಕಾರ್ಡ್ ಪಡೆದಿಲ್ಲ. ಉಳಿತಾಯವೆಲ್ಲ ಊರಿನ ಪತ್ತಿನ ಸಹಕಾರ ಸಂಘದಲ್ಲಿದೆ. ಕ್ರೆಡಿಟ್ ಕಾರ್ಡ್ ಕೇಳಿದರೆ ವೇತನ ಚೀಟಿ ಕೇಳುತ್ತಾರೆ. ಯಾವ ಯೋಜನೆ ಆರಿಸಲಿ, ಹಣ ಹೇಗೆ ಕಟ್ಟಲಿ?

ಉತ್ತರ: ನಿಮ್ಮಂಥವರಿಗೆ ವಾರ್ಷಿಕ ಯೋಜನೆಯೇ ಸರಿ. ಆದರೆ ಅದಕ್ಕೆ ಕಾರಣ ಅಗ್ಗದ ಬೆಲೆಯಲ್ಲ. ತಿಂಗಳ ದರದಲ್ಲಿ ಹನ್ನೆರಡು ತಿಂಗಳಿಗೆ 1560 ರೂಪಾಯಿ ಆಗುತ್ತದೆ, ವಾರ್ಷಿಕದಲ್ಲಿ 260 ರೂಪಾಯಿ ಉಳಿಯುತ್ತದೆ. ಹತ್ತು ತಿಂಗಳ ಹಣ ಕೊಟ್ಟು ಹನ್ನೆರಡು ತಿಂಗಳು ಬಳಸಿದಂತೆ. ಹತ್ತು ತಿಂಗಳೊಳಗೆ ಬಿಟ್ಟುಬಿಡುವ ಸಾಧ್ಯತೆ ಇದ್ದವರಿಗೆ ಮಾಸಿಕ ಯೋಜನೆಯೇ ಲಾಭ. ನಿಮ್ಮ ಮಟ್ಟಿಗೆ ಈ ಉಳಿತಾಯ ಎರಡನೆಯ ಮಾತು. ಮಾಸಿಕ ಯೋಜನೆ ವರ್ಷಕ್ಕೆ ಹನ್ನೆರಡು ಸಲ ನಿಮ್ಮ ಖಾತೆಯ ಬಾಗಿಲು ತಟ್ಟುತ್ತದೆ. ಗೌರವಧನ ಬಾರದ ತಿಂಗಳಲ್ಲಿ ಖಾತೆಯಲ್ಲಿ 130 ರೂಪಾಯಿಯೂ ಇರದಿದ್ದರೆ ಕಡಿತ ವಿಫಲವಾಗುತ್ತದೆ. ಗೂಗಲ್ ಕೆಲವು ದಿನ ಕಾದು ಮತ್ತೆ ಪ್ರಯತ್ನಿಸುತ್ತದೆ, ಆಮೇಲೆ ಹೆಚ್ಚುವರಿ ಜಾಗವನ್ನು ಹಿಂದಕ್ಕೆ ಪಡೆಯುತ್ತದೆ. ವಾರ್ಷಿಕ ಯೋಜನೆಯಾದರೆ ಈ ಗಂಡಾಂತರ ವರ್ಷಕ್ಕೆ ಒಂದೇ ಸಲ, ಅದೂ ನೀವೇ ಆರಿಸಿಕೊಂಡ ದಿನ.

ಜಾಗ ಹಿಂದಕ್ಕೆ ಹೋದರೆ ಆಗುವುದೇನು ಎಂಬುದನ್ನು ತಿಳಿದಿರಬೇಕು. ಫೋಟೊಗಳೂ ಕಡತಗಳೂ ತಕ್ಷಣ ಅಳಿದುಹೋಗುವುದಿಲ್ಲ. ಮಿತಿ ಮೀರಿದ ಸ್ಥಿತಿ ಎರಡು ವರ್ಷ ಮುಂದುವರಿದರೆ ಮಾತ್ರ ಅಳಿಸಬಹುದು ಎಂದು ಗೂಗಲ್‌ನ ನಿಯಮ ಹೇಳುತ್ತದೆ. ನಿಜವಾದ ತೊಂದರೆ ಜಿಮೇಲ್‌ನದು. ಮಿತಿ ಮೀರಿದ ಖಾತೆಗೆ ಹೊಸ ಮೇಲ್ ಬರುವುದಿಲ್ಲ, ಕಳಿಸಿದವರಿಗೆ ಹಿಂದಿರುಗಿ ಹೋಗುತ್ತದೆ, ನಿಮಗೆ ಅದರ ಸುಳಿವೂ ಸಿಗುವುದಿಲ್ಲ. ಕೌನ್ಸೆಲಿಂಗ್ ದಿನಾಂಕವೋ ವಿಶ್ವವಿದ್ಯಾಲಯದ ಪತ್ರವೋ ಹಾಗೆ ತಪ್ಪಿಹೋದರೆ ನಷ್ಟ 130 ರೂಪಾಯಿಯದ್ದಲ್ಲ.

ಹಣ ಕಟ್ಟುವ ಮೊದಲು ಒಂದು ಗಂಟೆ ಗುಡಿಸುವ ಕೆಲಸಕ್ಕೆ ಕೊಡಿ. one.google.com/storage ಪುಟದಲ್ಲಿ ಜಿಮೇಲ್, ಡ್ರೈವ್, ಫೋಟೋಸ್ ಎಷ್ಟೆಷ್ಟು ನುಂಗಿವೆ ಎಂಬುದು ಕಾಣುತ್ತದೆ. ಆಂಡ್ರಾಯ್ಡ್ ಫೋನ್‌ಗಳಲ್ಲಿ ಈಗ ವಾಟ್ಸಾಪ್ ಬ್ಯಾಕಪ್ ಕೂಡ ಇದೇ 15 ಜಿಬಿಯ ಲೆಕ್ಕಕ್ಕೆ ಬರುತ್ತದೆ. ಕಾಲೇಜಿನ ಗುಂಪುಗಳ ವೀಡಿಯೊಗಳೇ ನಿಮ್ಮ 6 ಜಿಬಿಯಲ್ಲಿ ದೊಡ್ಡ ಪಾಲು ಇರಬಹುದು. ವಾಟ್ಸಾಪ್ ಬ್ಯಾಕಪ್‌ನಿಂದ ವೀಡಿಯೊಗಳನ್ನು ಹೊರಗಿಡುವ ಆಯ್ಕೆ ಅದರ ಸೆಟ್ಟಿಂಗ್ಸ್‌ನಲ್ಲಿದೆ. ಜಿಮೇಲ್‌ನ ಹುಡುಕಾಟದ ಪಟ್ಟಿಯಲ್ಲಿ ಹೀಗೆ ಬರೆದರೆ 10 ಎಂಬಿಗಿಂತ ದೊಡ್ಡ ಮೇಲ್‌ಗಳು ಮಾತ್ರ ಬರುತ್ತವೆ:

```
larger:10M
```

ಬೇಡವಾದವನ್ನು ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ. ಅದು ಖಾಲಿಯಾಗುವವರೆಗೂ ಜಾಗ ಬಿಡುಗಡೆ ಆಗುವುದಿಲ್ಲ. ಇದರಿಂದ 3-4 ಜಿಬಿ ಸಿಕ್ಕರೆ ಗೌರವಧನ ಬರುವವರೆಗೆ ಕಾಯಲು ಅವಕಾಶ ಸಿಗುತ್ತದೆ, ಅಷ್ಟು ಸಾಕು. 200 ಜಿಬಿಯ ಕಡೆ ನೋಡುವ ಅಗತ್ಯವೇ ಇಲ್ಲ. ಈಗಿನ 15 ಜಿಬಿ ಕಳೆದರೆ 85 ಉಳಿಯುತ್ತದೆ. ನಿಮ್ಮ ಬಳಕೆ ಮೂರು ಪಟ್ಟು ಹೆಚ್ಚಿ ವರ್ಷಕ್ಕೆ 18 ಜಿಬಿ ಆದರೂ ನಾಲ್ಕು ವರ್ಷ ದಾಟುತ್ತದೆ.

ಇನ್ನು ಹಣ ಕಟ್ಟುವ ದಾರಿ. ಎಟಿಎಂ ಕಾರ್ಡ್ ಇಲ್ಲದಿದ್ದರೆ ಯುಪಿಐ ಸಾಧ್ಯವಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಮೊದಲು ಅದು ನಿಜವೇ ಆಗಿತ್ತು, ಪಿನ್ ರೂಪಿಸಲು ಡೆಬಿಟ್ ಕಾರ್ಡಿನ ಅಂಕಿಗಳು ಬೇಕಿದ್ದವು. ಈಗ ಹಲವು ಬ್ಯಾಂಕುಗಳಲ್ಲಿ ಆಧಾರ್ ಒಟಿಪಿಯಿಂದಲೇ ಯುಪಿಐ ಪಿನ್ ಮಾಡಿಕೊಳ್ಳಬಹುದು. ಇದಕ್ಕೆ ಒಂದೇ ಮೊಬೈಲ್ ಸಂಖ್ಯೆ ಬ್ಯಾಂಕ್ ಖಾತೆಗೂ ಆಧಾರ್‌ಗೂ ಜೋಡಣೆಯಾಗಿರಬೇಕು, ಆ ಸಿಮ್ ನೀವು ಬಳಸುವ ಫೋನ್‌ನಲ್ಲೇ ಇರಬೇಕು. ಭೀಮ್ ಆಪ್‌ನಲ್ಲೋ ನಿಮಗೆ ಒಗ್ಗಿದ ಬೇರೆ ಯುಪಿಐ ಆಪ್‌ನಲ್ಲೋ ನೋಂದಣಿ ಮಾಡುವಾಗ ಫೋನ್ ತಾನಾಗಿಯೇ ಒಂದು ಎಸ್‌ಎಂಎಸ್ ಕಳಿಸುತ್ತದೆ. ಡೇಟಾ ಮಾತ್ರ ಇರುವ ರೀಚಾರ್ಜ್ ಹಾಕಿದ್ದರೆ ಇಲ್ಲಿಯೇ ಕೆಲಸ ನಿಂತುಬಿಡುತ್ತದೆ, ಕಾರಣ ಪರದೆಯ ಮೇಲೆ ಸ್ಪಷ್ಟವಾಗಿ ಕಾಣುವುದೂ ಇಲ್ಲ. ಆಮೇಲೆ ಬ್ಯಾಂಕ್ ಆರಿಸಿ, ಪಿನ್ ರೂಪಿಸುವ ಹಂತದಲ್ಲಿ ಡೆಬಿಟ್ ಕಾರ್ಡ್ ಬದಲು ಆಧಾರ್ ಆಯ್ಕೆ ಒತ್ತಿ, ಬಂದ ಒಟಿಪಿಗಳನ್ನು ತುಂಬಬೇಕು. ಆಧಾರ್ ಆಯ್ಕೆಯೇ ಕಾಣದಿದ್ದರೆ ನಿಮ್ಮ ಬ್ಯಾಂಕಿನಲ್ಲಿ ಆ ಸೌಲಭ್ಯ ಇಲ್ಲ, ಅಥವಾ ಸಂಖ್ಯೆಗಳ ಜೋಡಣೆ ಸರಿಯಿಲ್ಲ. ಎರಡನ್ನೂ ಶಾಖೆಯಲ್ಲಿ ವಿಚಾರಿಸಿ. ಪತ್ತಿನ ಸಂಘದ ಖಾತೆ ಈ ಕೆಲಸಕ್ಕೆ ಬರುವುದಿಲ್ಲ. ಯುಪಿಐ ಜಾಲದಲ್ಲಿರುವುದು ಬ್ಯಾಂಕ್ ಖಾತೆಗಳು, ಸಂಘದ ಉಳಿತಾಯ ಖಾತೆ ಅಲ್ಲಿ ಕಾಣಿಸಿಕೊಳ್ಳುವುದಿಲ್ಲ.

ಯುಪಿಐ ಸಿದ್ಧವಾದ ಮೇಲೆ ಗೂಗಲ್ ಒನ್‌ನಲ್ಲಿ ವಾರ್ಷಿಕ ಯೋಜನೆ ಆರಿಸಿ, ಪಾವತಿಗೆ ಯುಪಿಐ ಒತ್ತಿ. ನಿಮ್ಮ ಆಪ್‌ಗೆ ಆಟೋಪೇ ಕೋರಿಕೆ, ಅಂದರೆ ಹಣ ತಾನಾಗಿಯೇ ಕಡಿತವಾಗಲು ನಿಮ್ಮ ಒಪ್ಪಿಗೆ ಕೇಳುವ ಕೋರಿಕೆ ಬರುತ್ತದೆ. ಇಲ್ಲಿ ಕೆಲವರು ಗಾಬರಿಯಾಗುತ್ತಾರೆ, ಏಕೆಂದರೆ ಪರದೆಯ ಮೇಲೆ 1300ಕ್ಕಿಂತ ಬಹಳ ದೊಡ್ಡ ಮೊತ್ತ ಕಾಣಬಹುದು. ಅದು ಒಪ್ಪಿಗೆಯ ಗರಿಷ್ಠ ಮಿತಿ, ಕಡಿತವಾಗುವ ಹಣವಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ ಮೊದಲ ಸಲ ನೀವು ಪಿನ್ ಹಾಕಿ ಒಪ್ಪಬೇಕು. ಮುಂದಿನ ಕಡಿತಗಳು 15,000 ರೂಪಾಯಿಯೊಳಗೆ ಇದ್ದರೆ ಪಿನ್ ಇಲ್ಲದೆಯೇ ಆಗುತ್ತವೆ, ಆದರೆ ಕನಿಷ್ಠ 24 ಗಂಟೆ ಮುಂಚೆ ನಿಮಗೆ ಸೂಚನೆ ಬರಲೇಬೇಕು.

ಗೌರವಧನ ಖಾತೆಗೆ ಬಂದ ವಾರದಲ್ಲೇ ವಾರ್ಷಿಕ ಯೋಜನೆ ಕೊಳ್ಳಿ, ಮರುದಿನವೇ ಸ್ವಯಂ ನವೀಕರಣವನ್ನು ರದ್ದು ಮಾಡಿ ಎಂಬುದು ನನ್ನ ಸಲಹೆ. ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಚಿತ್ರ ಒತ್ತಿ, Payments & subscriptions ಒಳಗೆ ಹೋಗಿ, ಗೂಗಲ್ ಒನ್ ಆರಿಸಿ ರದ್ದು ಮಾಡಬಹುದು. ರದ್ದು ಮಾಡಿದರೂ ಹಣ ಕಟ್ಟಿದ ವರ್ಷ ಮುಗಿಯುವವರೆಗೆ 100 ಜಿಬಿ ನಿಮ್ಮದೇ. ಮುಂದಿನ ವರ್ಷ ಅದೇ ತಾರೀಕಿಗೆ ಖಾತೆಯಲ್ಲಿ ಹಣ ಇರುತ್ತದೆಂಬ ಖಾತರಿ ನಿಮಗಿಲ್ಲವಲ್ಲ, ಹಾಗಾಗಿ ಅವಧಿ ಮುಗಿಯುವ ಮೊದಲೇ ಕೈಯಲ್ಲಿ ದುಡ್ಡಿರುವ ವಾರ ನೋಡಿಕೊಂಡು ನವೀಕರಣವನ್ನು ಮತ್ತೆ ಚಾಲೂ ಮಾಡಿ, ಆ 1300 ರೂಪಾಯಿಯನ್ನು ಖಾತೆಯಲ್ಲೇ ಉಳಿಸಿಡಿ. ಫೋನ್‌ನ ಕ್ಯಾಲೆಂಡರಿನಲ್ಲಿ ಹನ್ನೊಂದನೆಯ ತಿಂಗಳಿಗೆ ಒಂದು ಜ್ಞಾಪನೆ ಇರಲಿ. ರದ್ದತಿಯನ್ನು ಯುಪಿಐ ಆಪ್‌ನಿಂದ ಮಾತ್ರ ಮಾಡಬೇಡಿ. ಅಲ್ಲಿ ಆಟೋಪೇ ಒಪ್ಪಿಗೆ ತೆಗೆದು ಪ್ಲೇ ಸ್ಟೋರ್‌ನಲ್ಲಿ ಚಂದಾ ಹಾಗೇ ಬಿಟ್ಟರೆ ಗೂಗಲ್ ಹಣ ಕೇಳುತ್ತಲೇ ಇರುತ್ತದೆ, ಪಾವತಿ ವಿಫಲ ಎಂಬ ಮೇಲ್‌ಗಳು ಬರುತ್ತಲೇ ಇರುತ್ತವೆ.

ಆಧಾರ್ ಜೋಡಣೆಯ ತೊಡಕು ಬೇಗ ಬಗೆಹರಿಯದಿದ್ದರೆ ಇನ್ನೊಂದು ದಾರಿ ಗೂಗಲ್ ಪ್ಲೇ ಗಿಫ್ಟ್ ಕೋಡ್. ಯುಪಿಐ ಇರುವ ಅಣ್ಣನೋ ಸಹೋದ್ಯೋಗಿಯೋ ಪಾವತಿ ಆಪ್‌ನಲ್ಲಿ ಕೋಡ್ ಕೊಂಡು ನಿಮಗೆ ಕಳಿಸಬಹುದು, ನೀವು ಅವರಿಗೆ ನಗದು ಕೊಟ್ಟರೆ ಆಯಿತು. ಆದರೆ ಕೊಳ್ಳುವ ಮುಂಚೆ ನಿಮ್ಮ ಫೋನ್‌ನಲ್ಲೇ ವಾರ್ಷಿಕ ಯೋಜನೆಯ ಪಾವತಿ ಪುಟದವರೆಗೆ ಹೋಗಿ, ಆಯ್ಕೆಗಳ ಪಟ್ಟಿಯಲ್ಲಿ Redeem code ಇದೆಯೇ ನೋಡಿ. ಇದ್ದರೆ ಮಾತ್ರ ಮುಂದುವರಿಯಿರಿ. ಒಮ್ಮೆ ಖಾತೆಗೆ ಸೇರಿದ ಮೊತ್ತ ಮತ್ತೆ ನಗದಾಗುವುದಿಲ್ಲ, ಬೇರೆಯವರ ಖಾತೆಗೂ ಹೋಗುವುದಿಲ್ಲ. ಕೋಡ್ ಭಾರತದ್ದೇ ಆಗಿರಬೇಕು. ದುಬೈನಲ್ಲಿರುವ ಅಕ್ಕ ಅಲ್ಲಿಯ ಅಂಗಡಿಯಿಂದ ಕೊಂಡದ್ದು ಇಲ್ಲಿಯ ಖಾತೆಗೆ ನಡೆಯುವುದಿಲ್ಲ. ಕೋಡ್‌ನಿಂದ ಕಟ್ಟುವವರು ವಾರ್ಷಿಕವನ್ನೇ ಆರಿಸುವುದು ಒಳ್ಳೆಯದು. ಮಾಸಿಕವಾದರೆ ಪ್ರತಿ ತಿಂಗಳ ನವೀಕರಣದ ದಿನಕ್ಕೆ ಪೂರ್ತಿ 130 ರೂಪಾಯಿ ಶಿಲ್ಕು ಇರುವಂತೆ ನೋಡಿಕೊಳ್ಳುವ ಗೋಳು ತಪ್ಪದು.

ಮನೆಯಲ್ಲಿ ಯಾರಾದರೂ ಈಗಾಗಲೇ ಗೂಗಲ್ ಒನ್‌ಗೆ ಹಣ ಕಟ್ಟುತ್ತಿದ್ದರೆ ಇದೆಲ್ಲ ಬೇಡವೇ ಬೇಡ. ಒಂದು ಯೋಜನೆಯನ್ನು ಇನ್ನೂ ಐದು ಜನರೊಂದಿಗೆ ಹಂಚಿಕೊಳ್ಳಬಹುದು, ನಿಮ್ಮ ಕಡತಗಳು ಅವರಿಗೆ ಕಾಣುವುದಿಲ್ಲ. ಆದರೆ ಎಲ್ಲರೂ ಒಂದೇ ದೇಶದವರಾಗಿರಬೇಕು, ಕುಟುಂಬದ ಗುಂಪನ್ನು ಹನ್ನೆರಡು ತಿಂಗಳಲ್ಲಿ ಒಂದೇ ಸಲ ಬದಲಿಸಬಹುದು, ಅವರು ಕಟ್ಟುವುದನ್ನು ನಿಲ್ಲಿಸಿದ ದಿನ ನೀವು ಮತ್ತೆ 15 ಜಿಬಿಗೆ ಬರುತ್ತೀರಿ. ಟೆಲಿಗ್ರಾಂನಲ್ಲಿ ‘ಜೀವನಪೂರ್ತಿ 2 ಟಿಬಿ, 300 ರೂಪಾಯಿ’ ಎಂದು ಮಾರುವವರನ್ನು ನಂಬಬೇಡಿ. ಅವರಲ್ಲಿ ಹಲವರು ಮಾಡುವುದು ಇದನ್ನೇ: ಯಾವುದೋ ಅಪರಿಚಿತರ ಕುಟುಂಬ ಗುಂಪಿಗೆ ನಿಮ್ಮನ್ನು ಸೇರಿಸುತ್ತಾರೆ, ಯಾವಾಗ ಹೊರಹಾಕುತ್ತಾರೋ ಹೇಳಲಾಗದು. ಸೈಬರ್ ಸೆಂಟರಿನವರ ಕಾರ್ಡಿನಿಂದ ಕಟ್ಟಿಸುವುದೂ ಬೇಡ. ಮುಂದಿನ ನವೀಕರಣದ ಹಣ ಅವರ ಕಾರ್ಡಿನಿಂದ ಹೋಗಿ ಜಗಳವಾಗುತ್ತದೆ. ನಿಮ್ಮ ಪಾಸ್‌ವರ್ಡ್ ಅವರ ಕಂಪ್ಯೂಟರಿನಲ್ಲಿ ಉಳಿಯುವ ಭಯ ಬೇರೆ.

ಐಫೋನ್ ಇಟ್ಟುಕೊಂಡವರೂ ಇದೇ ತೊಡಕು ಕೇಳುತ್ತಿರುತ್ತಾರೆ, ಅವರಿಗೆ ಎರಡು ಮಾತು. ಐಕ್ಲೌಡ್ ಪ್ಲಸ್‌ನಲ್ಲಿ ವಾರ್ಷಿಕ ಯೋಜನೆಯೇ ಇಲ್ಲ, 50 ಜಿಬಿಗೆ ತಿಂಗಳಿಗೆ 75 ರೂಪಾಯಿ. ಆದರೆ ಆಪ್ ಸ್ಟೋರ್‌ನಲ್ಲಿ Add Money to Account ಮೂಲಕ ಯುಪಿಐಯಿಂದ 900 ರೂಪಾಯಿ ತುಂಬಿಟ್ಟರೆ ಪ್ರತಿ ತಿಂಗಳು ಅದರಿಂದಲೇ ಕಡಿತವಾಗುತ್ತದೆ. ರಿಯಾಯಿತಿ ಸಿಗುವುದಿಲ್ಲ, ವರ್ಷಪೂರ್ತಿ ತಲೆಬಿಸಿಯೂ ಇರುವುದಿಲ್ಲ. ಅದೇ ಶಿಲ್ಕಿನಲ್ಲಿ ಮಕ್ಕಳು ಆಟಗಳನ್ನು ಕೊಂಡು ಖಾಲಿ ಮಾಡದಂತೆ ಖರೀದಿಗೆ ಪಾಸ್‌ವರ್ಡ್ ಕೇಳುವ ಹಾಗೆ ಮಾಡಿಡಿ.