ಕುರ್ಚಿ ಅಳಿಸಿದ ಮೇಲೆ ಗೋಡೆಯಲ್ಲಿ ತೇಪೆ ಏಕೆ ಕಾಣುತ್ತದೆ?

ಪ್ರಶ್ನೆ: ಮನೆಮಂದಿಯ ಫೋಟೊದಲ್ಲಿ ಗೋಡೆಯ ಪಕ್ಕವಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು, ಚಿತ್ರ ರಚಿಸುವ ಎಐ ಮಾಡೆಲ್ ಆದ ಸ್ಟೇಬಲ್ ಡಿಫ್ಯೂಷನ್‌ನ AUTOMATIC1111 ವೆಬ್ ಯುಐನಲ್ಲಿ `Only masked` ಆಯ್ದು ಅಳಿಸಿದೆ. ಗೋಡೆಯಲ್ಲಿ ತೇಪೆ ಕಾಣುತ್ತಿದೆ. ಮಾಸ್ಕ್ ಬ್ಲರ್ 4ರಿಂದ 30ಕ್ಕೆ ಏರಿಸಿದರೂ ಹೋಗಲಿಲ್ಲ. ಡಿನಾಯ್ಸಿಂಗ್ 0.75, ಪ್ಯಾಡಿಂಗ್ 32, ಅಳತೆ 512×512. ಕುರ್ಚಿ ಸುಮಾರು 300×400 ಪಿಕ್ಸೆಲ್ ಇದೆ. ಏನು ತಪ್ಪು?

ಉತ್ತರ: ತಪ್ಪು ಅಂಚಿನಲ್ಲಿಲ್ಲ, ಪ್ಯಾಡಿಂಗ್‌ನಲ್ಲಿದೆ. ಮಾಸ್ಕ್ ಬ್ಲರ್ ಹೊಸ ಭಾಗವನ್ನು ಹಳೆಯದರೊಂದಿಗೆ ಬೆರೆಸುವ ಗಡಿಯನ್ನಷ್ಟೇ ಮೃದುವಾಗಿಸುತ್ತದೆ. ಒಳಗೆ ಬಂದ ಗೋಡೆಯ ಬಣ್ಣವೇ ಬೇರೆಯಾಗಿದ್ದರೆ, ಗೆರೆಯ ಬದಲು ಮಸುಕಾದ ಪಟ್ಟಿ ಕಾಣುತ್ತದೆ, ಅಷ್ಟೆ.

`Only masked` ಆಯ್ದಾಗ ಮಾಡೆಲ್ ಇಡೀ ಫೋಟೊವನ್ನು ನೋಡುವುದಿಲ್ಲ. ಮಾಸ್ಕ್, ಅಂದರೆ ಮತ್ತೆ ಚಿತ್ರಿಸಬೇಕೆಂದು ನೀವು ಬಳಿದು ಗುರುತಿಸಿದ ಜಾಗ, ಇರುವ ಆಯತವನ್ನೂ ಅದರ ಸುತ್ತ ಪ್ಯಾಡಿಂಗ್‌ನಷ್ಟು ಅಂಚನ್ನೂ ಕತ್ತರಿಸಿ, ನೀವು ಕೊಟ್ಟ ಅಳತೆಗೆ ಹಿಗ್ಗಿಸಿ ಅಥವಾ ಕುಗ್ಗಿಸಿ, ಚಿತ್ರಿಸಿ, ಮತ್ತೆ ಅದೇ ಜಾಗಕ್ಕೆ ಅಂಟಿಸುತ್ತದೆ. ಪ್ಯಾಡಿಂಗ್ 32 ಇದ್ದರೆ ಕುರ್ಚಿಯ ಆಚೆಗೆ ಅದಕ್ಕೆ ಸಿಗುವ ಗೋಡೆ ತೀರಾ ಕಡಿಮೆ. ಬೆಳಕು ಎಡದಿಂದ ಬಲಕ್ಕೆ ಹೇಗೆ ಕುಂದುತ್ತಿದೆ ಎಂಬುದು ಅಷ್ಟರಲ್ಲಿ ತಿಳಿಯುವುದಿಲ್ಲ.

ಪ್ಯಾಡಿಂಗ್ 128 ಮಾಡಿ. ಆಗ ಕತ್ತರಿಸುವ ಭಾಗ ಸುಮಾರು 556×656 ಆಗುತ್ತದೆ. ಚೌಕಾಕಾರದ ಅಳತೆ ಕೊಟ್ಟಿದ್ದರೆ ಅದು 656×656ಕ್ಕೆ ಹಿಗ್ಗುತ್ತದೆ. ಇದನ್ನು 512ಕ್ಕೆ ಕುಗ್ಗಿಸಿ ಮತ್ತೆ ದೊಡ್ಡದು ಮಾಡಿದರೆ ಗಾರೆಯ ಒರಟುತನ ಅಳಿದು ತೇಪೆ ನುಣುಪಾಗಿ ಕಾಣುತ್ತದೆ. ಆದ್ದರಿಂದ ಅಳತೆಯನ್ನೂ 768×768ಕ್ಕೆ ಏರಿಸಿ. ಪ್ಯಾಡಿಂಗ್ ಹೆಚ್ಚಿಸಿದಾಗ ಬಹಳ ಮಂದಿ ಮರೆಯುವುದು ಇದನ್ನೇ.

ಮಾಸ್ಕ್ ಬಳಿಯುವಾಗ ನೆಲದ ಮೇಲಿನ ನೆರಳನ್ನೂ ಸೇರಿಸಿ. ನೆರಳು ಉಳಿದರೆ ಮಾಡೆಲ್ ಅದಕ್ಕೊಂದು ವಸ್ತುವನ್ನು ಹುಟ್ಟಿಸುವ ಸಾಧ್ಯತೆ ಹೆಚ್ಚು.

ಈಗ ಕೆಲಸವನ್ನು ಎರಡು ಸುತ್ತಿನಲ್ಲಿ ಮಾಡಿ. ಮೊದಲ ಸುತ್ತಿಗೆ `Masked content` ಅನ್ನು `fill` ಮಾಡಿ, ಹಳೆಯ ಚಿತ್ರವನ್ನು ಎಷ್ಟು ಬದಲಿಸಬೇಕೆಂದು ಹೇಳುವ ಡಿನಾಯ್ಸಿಂಗ್ 0.8ರ ಆಸುಪಾಸು, ಬ್ಲರ್ 8. `original` ಇಟ್ಟು ಡಿನಾಯ್ಸಿಂಗ್ ಇಳಿಸಿದರೆ ಕುರ್ಚಿಯ ಬಣ್ಣ ಹೊಸ ಗೋಡೆಗೆ ಇಳಿಯುತ್ತದೆ. `fill` ಇಟ್ಟು ಇಳಿಸಿದರೆ ಬಣ್ಣ ಕಲಸಿದಂಥ ಕಲೆ ಉಳಿಯುತ್ತದೆ. ಬಂದ ಚಿತ್ರವನ್ನೇ ಮತ್ತೆ ಇನ್‌ಪೇಂಟ್‌ಗೆ ಕಳುಹಿಸಿ, ಹಳೆಯ ಗಡಿಯಿಂದ 30 ಪಿಕ್ಸೆಲ್‌ನಷ್ಟು ಹೊರಗೆ ಚಾಚುವಂತೆ ಹೊಸ ಮಾಸ್ಕ್ ಬಳಿಯಿರಿ. ಈ ಸಲ `original`, ಡಿನಾಯ್ಸಿಂಗ್ 0.35, ಬ್ಲರ್ 16. ಅಸಲಿ ಗೋಡೆಯ ಅಂಚೂ ಹೊಸ ಗೋಡೆಯೂ ಒಟ್ಟಿಗೆ ತುಸು ಬದಲಾಗುವುದರಿಂದಲೇ ಎರಡೂ ಬೆರೆಯುತ್ತವೆ. ಇಲ್ಲಿ 0.5 ದಾಟಿದರೆ ಹೊಸ ಬಿರುಕು, ಹೊಸ ಕಲೆ ಮೂಡತೊಡಗಬಹುದು, ಮತ್ತೆ ಮೊದಲಿನ ಗೋಳೇ.

ಹಿಂಬದಿಯ ಕರೆಂಟ್ ತಂತಿಯಂಥ ಸಣ್ಣ ವಸ್ತುವಿಗೆ ಬ್ಲರ್ 16 ಸಲ್ಲದು. ಹತ್ತು ಪಿಕ್ಸೆಲ್ ಅಗಲದ ಮಾಸ್ಕನ್ನು ಅಷ್ಟು ಬ್ಲರ್ ಮಾಡಿದರೆ ಅದರ ನಡುಭಾಗವೂ ತೆಳುವಾಗಿ, ತಂತಿ ಮಸುಕಾಗಿ ಉಳಿಯುತ್ತದೆ. ಅಲ್ಲಿ 2–4 ಸಾಕು.